ಅಜ್ಜನ ಹೆಸರು ಇಡಿ, ಜೊತೆಗೆ ಇನ್ನೊಂದು ಹೆಸರನ್ನೂ ಸೇರಿಸಿ

ಮೊಮ್ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಇನ್ನು ಸಾಕು ಎನ್ನುವವರು ನಮ್ಮ ನೆಂಟರಿಷ್ಟರಲ್ಲೇ ಹೆಚ್ಚಾಗುತ್ತಿದ್ದಾರೆ. ಒಂದೇ ಮನೆಯಲ್ಲಿ ಇಬ್ಬರು ಬಸಪ್ಪಂದಿರು, ಮೂವರು ಶಿವಪ್ಪಂದಿರು ಇದ್ದರೆ ಗೊಂದಲವಾಗುತ್ತದೆ ಎಂಬುದು ಅವರ ವಾದ. ನಾನು ಈ ಪದ್ಧತಿಯ ಪರವಾಗಿದ್ದೇನೆ, ನಮ್ಮ ಮನೆಯಲ್ಲಿ ಅದು ಮುಂದುವರಿಯಬೇಕು ಎಂದು ಮನಸಾರೆ ಬಯಸುತ್ತೇನೆ. ಆದರೂ ಅವರ ಮಾತನ್ನು ತಳ್ಳಿಹಾಕುವುದಿಲ್ಲ. ಗೊಂದಲ ಇದೆ. ಅದು ಇರುವುದು ಮನೆಯಲ್ಲಲ್ಲ, ಕಾಗದಪತ್ರದಲ್ಲಿ.

ಮನೆಯಲ್ಲಿ ಯಾರಿಗೂ ಯಾರೂ ಅದಲುಬದಲಾಗುವುದಿಲ್ಲ. ನಮ್ಮ ಹಾವೇರಿ ಕಡೆ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಸರನ್ನು ಕಿವಿಯಲ್ಲಿ ಊದುವವಳು ಸೋದರತ್ತೆ. ಅವಳು ಊದುವುದು ತನ್ನದೇ ತಂದೆಯ ಹೆಸರನ್ನು. ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಕೂಸಾದರೆ ಆ ಗಳಿಗೆಯಲ್ಲಿ ಅವಳ ಕಣ್ಣು ತುಂಬಿ ಬರುತ್ತದೆ, ಸುತ್ತ ನಿಂತ ಹೆಂಗಸರೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಮರುದಿನದಿಂದ ಅತ್ತೆ ಆ ಕೂಸನ್ನು ಹೆಸರು ಹಿಡಿದು ಕರೆಯುವುದೇ ಇಲ್ಲ, "ಅಪ್ಪಾ" ಎನ್ನುತ್ತಾಳೆ. ಕೂಸಿನ ತಾಯಿಗಂತೂ ಅದು ಮಾವನ ಹೆಸರು. ಬಾಯಿಬಿಟ್ಟು ಹೇಳುವುದಕ್ಕೇ ಹಿಂಜರಿಯುವ ಹೆಸರನ್ನು ಹಿಡಿದು ಅವಳು ಮಗನನ್ನು ಗದರಿಸುವುದೆಲ್ಲಿ ಬಂತು? ಹೀಗಾಗಿ ಕೂಸಿಗೆ ತಾನಾಗಿಯೇ ಇನ್ನೊಂದು ಕರೆಯುವ ಹೆಸರು ಹುಟ್ಟುತ್ತದೆ. ಅಜ್ಜಪ್ಪ, ಅಪ್ಪಣ್ಣ, ಪುಟ್ಟಪ್ಪ, ತಮ್ಮಣ್ಣ, ಹೀಗೆ ಏನೋ ಒಂದು. ಹಿರಿಯರ ಮೇಲಿನ ಗೌರವದಿಂದಲೇ ಗುರುತಿನ ಹೆಸರೂ ದೊರೆಯಿತು. ಈ ಪದ್ಧತಿಯಲ್ಲಿ ನನಗೆ ಬಹಳ ಇಷ್ಟವಾಗುವುದು ಇದೇ.

ಅಣ್ಣತಮ್ಮಂದಿರು ಇಬ್ಬರೂ ತಮ್ಮ ಮೊದಲ ಮಗನಿಗೆ ಅದೇ ಅಜ್ಜನ ಹೆಸರಿಟ್ಟಾಗಲೂ ತೊಂದರೆಯಾಗುವುದಿಲ್ಲ. ಮನೆಯಲ್ಲಿ ಒಬ್ಬ ಹುಬ್ಬಳ್ಳಿ ಬಸು, ಇನ್ನೊಬ್ಬ ಗದಗಿನ ಬಸು ಆಗುತ್ತಾನೆ. ಕಾಗದದಲ್ಲಿ ಇಬ್ಬರ ತಂದೆಯ ಹೆಸರು ಬೇರೆ ಬೇರೆ ಇರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಅಜ್ಜಿಯ ಹೆಸರಿನ ಮುಂದೆ ಗಂಡನ ಹೆಸರಿದ್ದರೆ ಮೊಮ್ಮಗಳ ಹೆಸರಿನ ಮುಂದೆ ತಂದೆಯದೋ ಅವಳ ಗಂಡನದೋ ಇರುತ್ತದೆ, ಆದ್ದರಿಂದ ಅಲ್ಲಿಯೂ ಗೊಂದಲ ಕಡಿಮೆ.

ನಿಜವಾದ ತೊಡಕಿರುವುದು ಅಜ್ಜ ಮತ್ತು ಮೊಮ್ಮಗನ ನಡುವೆ. ಒಂದು ಮನೆತನವನ್ನು ಕಲ್ಪಿಸಿಕೊಳ್ಳಿ, ಅಡ್ಡಹೆಸರು ಅಂಗಡಿ ಎಂದಿರಲಿ. ನಮ್ಮ ಕಡೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯುತ್ತಾರೆ. ಅಜ್ಜ ಬಸಪ್ಪ ಶಿವಪ್ಪ ಅಂಗಡಿ. ಅವನು ತನ್ನ ಮಗನಿಗೆ ತನ್ನ ತಂದೆಯ ಹೆಸರಿಟ್ಟ, ಮಗ ಶಿವಪ್ಪ ಬಸಪ್ಪ ಅಂಗಡಿಯಾದ. ಆ ಶಿವಪ್ಪ ತನ್ನ ಮಗನಿಗೆ ತನ್ನ ತಂದೆಯ ಹೆಸರಿಟ್ಟ. ಈಗ ಮೊಮ್ಮಗ ಯಾರು? ಬಸಪ್ಪ ಶಿವಪ್ಪ ಅಂಗಡಿ! ಹೆಸರು ಅದೇ, ತಂದೆಯ ಹೆಸರೂ ಅದೇ, ಅಡ್ಡಹೆಸರು, ಊರು, ಎಷ್ಟೋ ಸಲ ಮನೆಯ ನಂಬರು ಕೂಡ ಅದೇ. ಇಬ್ಬರು ಒಂದೇ ಹೆಸರಿನವರನ್ನು ಬೇರೆ ಮಾಡುವುದಕ್ಕೆ ನಮ್ಮ ಸರ್ಕಾರಿ ದಾಖಲೆಗಳು ನಂಬಿಕೊಂಡಿರುವುದು ತಂದೆಯ ಹೆಸರನ್ನು. ಈ ಪದ್ಧತಿಯಲ್ಲಿ ಕೈಕೊಡುವುದೂ ಅದೇ ತಂದೆಯ ಹೆಸರು. ಅಜ್ಜನ ಹೆಸರನ್ನೂ ಸೇರಿಸಿ ಬರೆದರೆ ಸರಿಹೋಗುತ್ತದೆಯೇ ಎಂದರೆ ಅದೂ ಇಲ್ಲ, ಏಕೆಂದರೆ ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಅವೇ ಎರಡು ಹೆಸರುಗಳು ಬರುತ್ತಿರುತ್ತವೆ. ಹಳೆಯ ಮೈಸೂರು ಕಡೆಯ "ಬಸಪ್ಪ ಬಿನ್ ಶಿವಪ್ಪ" ಎಂಬ ಬರವಣಿಗೆಯಲ್ಲೂ ಪಾಡು ಇದೇ. ಬೇರೆ ಇರುವುದು ಹುಟ್ಟಿದ ವರ್ಷ ಮಾತ್ರ, ಅದನ್ನು ಪಹಣಿಯಲ್ಲಿ ಬರೆಯುವುದಿಲ್ಲ.

ಇದರಿಂದ ಏನಾಗುತ್ತದೆ ಎಂಬುದನ್ನು ಅದೇ ಮನೆತನದಲ್ಲಿ ನೋಡೋಣ. ಅಜ್ಜ ಬಸಪ್ಪ ತನ್ನ ದುಡಿಮೆಯಿಂದ ನಾಲ್ಕು ಎಕರೆ ಕೊಂಡಿದ್ದ. ಉಯಿಲು ಬರೆಯದೆ ತೀರಿಕೊಂಡ. ಅವನಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು, ಹೆಂಡತಿ ಮೊದಲೇ ಹೋಗಿದ್ದಳು. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಆ ಸ್ವಯಾರ್ಜಿತ ಜಮೀನು ಮೂವರು ಮಕ್ಕಳಿಗೆ ಸಮನಾಗಿ ಹೋಗಬೇಕು. ತಂದೆ ಶಿವಪ್ಪ ಬದುಕಿರುವಾಗ ಮೊಮ್ಮಗನಿಗೆ ಅದರಲ್ಲಿ ನೇರ ಪಾಲಿಲ್ಲ. ಸಾವಿನ ನಂತರ ಪೌತಿ ಖಾತೆ ಮಾಡಿಸಿ ಜಮೀನನ್ನು ವಾರಸುದಾರರ ಹೆಸರಿಗೆ ಬರೆಸಬೇಕಿತ್ತು. ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ನಾಡಕಚೇರಿಗೆ ಅಲೆಯಬೇಕು. ಅಷ್ಟರಲ್ಲಿ ಮನೆಯವರಲ್ಲೇ ಒಬ್ಬರು ಹೇಳುತ್ತಾರೆ: "ಪಹಣಿಯಲ್ಲಿ ಬಸಪ್ಪ ಶಿವಪ್ಪ ಎಂದೇ ಇದೆಯಲ್ಲ, ಹುಡುಗನ ಹೆಸರೂ ಅದೇ. ಇರಲಿ ಬಿಡು."

ಆ ಮಾತಿನ ಹಿಂದೆ ಮೊದಮೊದಲು ಸೋಮಾರಿತನ ಮಾತ್ರ ಇರುತ್ತದೆ, ಮೋಸ ಇರುವುದಿಲ್ಲ. ಆಮೇಲೆ ಮೊಮ್ಮಗನ ಆಧಾರ್ ಪಹಣಿಗೆ ಜೋಡಣೆಯಾಗುತ್ತದೆ. ಹೆಸರು ಅಕ್ಷರಕ್ಕೆ ಅಕ್ಷರ ಹೊಂದುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಬೆಳೆ ಸಾಲ ಸಿಗುತ್ತದೆ, ಬೆಳೆ ಪರಿಹಾರ ಅವನ ಖಾತೆಗೆ ಬರುತ್ತದೆ. ವರ್ಷಗಳು ಕಳೆದ ಹಾಗೆ ಊರೇ ಆ ಜಮೀನು ಅವನದು ಎನ್ನತೊಡಗುತ್ತದೆ. ಅತ್ತೆಯಂದಿರು ಒಂದು ದಿನ ಪಾಲು ಕೇಳಲು ಬಂದರೆ, ಜಮೀನು ಹುಡುಗನ ಹೆಸರಿನಲ್ಲೇ ಇದೆ ಎಂದು ಪಹಣಿ ತೋರಿಸುತ್ತಾರೆ. ಯಾರ ಕಿವಿಯಲ್ಲಿ ಅವರು ತಮ್ಮ ತಂದೆಯ ಹೆಸರನ್ನು ಊದಿದ್ದರೋ, ಅದೇ ಹೆಸರಿನ ಬಲದಿಂದ ಅವರ ಪಾಲು ಮರೆಯಾಗುತ್ತದೆ. ಇಂಥದ್ದನ್ನು ನಮ್ಮ ಬಳಗದಲ್ಲಿ ಕಂಡಿದ್ದೇನೆ. ಈ ಬರಹ ಬರೆಯಲು ಕೂತದ್ದೂ ಆ ಸಂಕಟದಿಂದಲೇ.

ಪಹಣಿಯಲ್ಲಿರುವ ಹೆಸರು ಅಜ್ಜನದೋ ಮೊಮ್ಮಗನದೋ ಎಂದು ತಿಳಿಯುವುದು ಕಷ್ಟವಲ್ಲ. ಒಂಬತ್ತನೇ ಕಲಂನಲ್ಲಿ ಸ್ವಾಧೀನದಾರರ ಹೆಸರಿರುತ್ತದೆ, ಎಲ್ಲರೂ ನೋಡುವುದು ಅದನ್ನೇ. ಅದರ ಪಕ್ಕದ ಹತ್ತನೇ ಕಲಂ ನೋಡಿ. ಜಮೀನು ಅವರಿಗೆ ಹೇಗೆ ಬಂತು ಎಂಬುದನ್ನು ಸೂಚಿಸುವ ಮ್ಯುಟೇಶನ್ ನಂಬರು, ಅಂದರೆ ಎಂ.ಆರ್. ನಂಬರು ಮತ್ತು ವರ್ಷ, ಅಲ್ಲಿರುತ್ತದೆ. ಅಲ್ಲಿ 1974-75 ಎಂದಿದ್ದು ಮೊಮ್ಮಗ ಹುಟ್ಟಿದ್ದು 1986ರಲ್ಲಾದರೆ ಆ ಬಸಪ್ಪ ಅಜ್ಜನೇ. ಆ ಮ್ಯುಟೇಶನ್‌ನ ಪ್ರತಿಗೆ ಅರ್ಜಿ ಹಾಕಿ ಪಡೆದರೆ ಖರೀದಿಯಿಂದ ಬಂದದ್ದೋ, ವಾಟ್ನಿಯಿಂದ ಅಂದರೆ ಮನೆಯ ಪಾಲುಪಟ್ಟಿಯಿಂದ ಬಂದದ್ದೋ, ವಾರಸುದಾರಿಕೆಯಿಂದ ಬಂದದ್ದೋ ಎಂಬುದೂ ಗೊತ್ತಾಗುತ್ತದೆ. ಎಂ.ಆರ್. ವರ್ಷ ಮೊಮ್ಮಗ ಹುಟ್ಟಿದ ನಂತರದ್ದಾಗಿದ್ದರೆ ಮಾತ್ರ ಇದಿಷ್ಟರಿಂದ ತೀರ್ಮಾನಕ್ಕೆ ಬರಲಾಗುವುದಿಲ್ಲ, ಆಗ ಆ ಪ್ರತಿಯನ್ನು ಓದಲೇಬೇಕು. ಅಜ್ಜನದೇ ಎಂದು ಗೊತ್ತಾದರೆ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷಕ್ಕೆ ವಿವರ ಬರೆದುಕೊಡುವಾಗ ಒಂದೇ ಹೆಸರಿನ ಇಬ್ಬರಿಗೂ ಸಂಬಂಧವನ್ನು ಸ್ಪಷ್ಟವಾಗಿ ಬರೆಯಿರಿ, ತೀರಿಕೊಂಡವರ ಮರಣದ ದಿನಾಂಕವನ್ನು ಬಿಡಬೇಡಿ, ಮನೆತನದ ಹೆಣ್ಣುಮಕ್ಕಳ ಹೆಸರನ್ನಂತೂ ಬಿಡಲೇಬೇಡಿ.

ಹಾಗಾದರೆ ಮುಂದೆ ಹುಟ್ಟುವ ಮಕ್ಕಳಿಗೆ ಏನು ಮಾಡಬೇಕು? ಇದಕ್ಕೆ ಮೈಸೂರಿನ ಒಡೆಯರ ಮನೆತನ ಒಳ್ಳೆಯ ದಾರಿ ತೋರಿಸಿದೆ. 1868ರಲ್ಲಿ ತೀರಿಕೊಂಡ ಕೃಷ್ಣರಾಜ ಒಡೆಯರ ತಂದೆ ಖಾಸಾ ಚಾಮರಾಜ ಒಡೆಯರು. ಆ ಕೃಷ್ಣರಾಜರು ದತ್ತು ತೆಗೆದುಕೊಂಡ ಮಗನೂ ಚಾಮರಾಜರೇ. 1884ರಲ್ಲಿ ಹುಟ್ಟಿದ ಅವರ ಮಗ ಮತ್ತೆ ಕೃಷ್ಣರಾಜ. ನಾನು ಮೇಲೆ ಹೇಳಿದ ಬಸಪ್ಪ ಶಿವಪ್ಪರ ತೊಡಕು ಅಲ್ಲಿಯೂ ಹಾಗೆಯೇ ಇದೆ: ಅಜ್ಜನೂ ಚಾಮರಾಜರ ಮಗ ಕೃಷ್ಣರಾಜ, ಮೊಮ್ಮಗನೂ ಚಾಮರಾಜರ ಮಗ ಕೃಷ್ಣರಾಜ. ಆದರೂ ನಮ್ಮಲ್ಲಿ ಯಾರಿಗೂ ಗೊಂದಲವಿಲ್ಲ. ಒಬ್ಬರು ಮುಮ್ಮಡಿ, ಇನ್ನೊಬ್ಬರು ನಾಲ್ವಡಿ. ಮುಂದಿನ ತಲೆಮಾರುಗಳಲ್ಲಿ ಎಣಿಕೆಯ ಬದಲು ಬೇರೆ ಹೆಸರೇ ಜೊತೆಯಾಯಿತು. ನಾಲ್ವಡಿಯವರ ತಮ್ಮ ಕಂಠೀರವ ನರಸಿಂಹರಾಜ ಒಡೆಯರ ಮಗ ಜಯಚಾಮರಾಜ. ಅಜ್ಜ ಚಾಮರಾಜರ ಹೆಸರು ಉಳಿಯಿತು, ಮುಂದೆ "ಜಯ" ಸೇರಿತು. ಜಯಚಾಮರಾಜರ ಮಗ ಶ್ರೀಕಂಠದತ್ತ ನರಸಿಂಹರಾಜ. ಇಲ್ಲಿಯೂ ಅಜ್ಜ ನರಸಿಂಹರಾಜರ ಹೆಸರು ಉಳಿಯಿತು, ಅಜ್ಜನ "ಕಂಠೀರವ" ಇದ್ದ ಜಾಗದಲ್ಲಿ ಮೊಮ್ಮಗನದೇ ಆದ "ಶ್ರೀಕಂಠದತ್ತ" ಬಂತು.

ನಾವು ಮಾಡಬೇಕಾದದ್ದೂ ಇಷ್ಟೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಜ್ಜನ ಹೆಸರಿನ ಜೊತೆಗೆ ಮಗುವಿನದೇ ಆದ ಒಂದು ಹೆಸರು ಸೇರಲಿ, ಮತ್ತು ಅದು ಮನೆಯ ಮಾತಿನಲ್ಲಿ ಉಳಿಯದೆ ಜನನ ಪ್ರಮಾಣಪತ್ರದಲ್ಲೇ ಇರಲಿ. ಬಸಪ್ಪನ ಮೊಮ್ಮಗ ಚಿನ್ಮಯ ಬಸಪ್ಪನಾಗಲಿ, ಗಂಗವ್ವನ ಮೊಮ್ಮಗಳು ಗಂಗಾಶ್ರೀಯಾಗಲಿ. ನಾಮಕರಣವನ್ನು ಶಾಸ್ತ್ರೋಕ್ತವಾಗಿ ಮಾಡುವ ಅನೇಕ ಮನೆಗಳಲ್ಲಿ ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ಅಕ್ಕಿಯ ಮೇಲೆ ಬೇರೆ ಬೇರೆ ಹೆಸರುಗಳನ್ನು ಬರೆಯುತ್ತಾರೆ. ಮಗುವಿಗೆ ಒಂದಕ್ಕಿಂತ ಹೆಚ್ಚು ಹೆಸರಿರುವುದು ನಮಗೆ ಹೊಸದೇನೂ ಅಲ್ಲ. ಆ ಹೆಸರುಗಳು ಅಕ್ಕಿಯ ತಟ್ಟೆಯಿಂದ ನೋಂದಣಿ ಪುಸ್ತಕಕ್ಕೆ ಹೋಗದಿರುವುದೇ ತೊಂದರೆ.

ಹೆಸರಿನ ಮುಂದೆ "ಚಿಕ್ಕ" ಎಂದು ಸೇರಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕೊಡಗಿನಲ್ಲಿ ದೊಡ್ಡ ವೀರರಾಜೇಂದ್ರ ಮತ್ತು ಅವರ ತಮ್ಮನ ಮಗ ಚಿಕ್ಕ ವೀರರಾಜೇಂದ್ರರನ್ನು ಹಾಗೆಯೇ ಗುರುತಿಸಿದರು. ಆದರೆ ಅದು ಎರಡು ತಲೆಮಾರಿಗೆ ಸಾಕು. ಇಂದಿನ ಚಿಕ್ಕ ಬಸಪ್ಪನಿಗೆ ಮೊಮ್ಮಗ ಹುಟ್ಟಿದಾಗ ಆ ಕೂಸು ಯಾವ ಬಸಪ್ಪ?

ಅಜ್ಜನ ಹೆಸರಿಗೆ ಬಾಲ ಸೇರಿಸಿದರೆ ಅದು ಅಜ್ಜನ ಹೆಸರಾಗಿ ಉಳಿಯುವುದಿಲ್ಲ ಎಂದು ನಮ್ಮ ದೊಡ್ಡಪ್ಪ ಬೇಸರ ಮಾಡಿಕೊಳ್ಳುತ್ತಾರೆ. ಅವರ ನೋವು ನನಗೆ ಅರ್ಥವಾಗುತ್ತದೆ. ಆದರೆ ಅತ್ತೆ ಕಿವಿಯಲ್ಲಿ ಊದುವುದು ಅಜ್ಜನ ಹೆಸರನ್ನೇ, ಅದನ್ನು ಯಾರೂ ಬದಲಿಸುತ್ತಿಲ್ಲ. ಅತ್ತೆಯ ಪಾಲೂ ಉಳಿಯಲಿ ಎಂದಷ್ಟೇ ಕೇಳುತ್ತಿದ್ದೇನೆ.

ಮನೆಯಲ್ಲಿ ಎಳೆಗೂಸು ಇರುವವರಿಗೆ ಒಂದು ಮಾತು. ಜನನವನ್ನು 21 ದಿನಗಳೊಳಗೆ ನೋಂದಾಯಿಸಬೇಕು, ಆದರೆ ಹೆಸರನ್ನು ಅಂದೇ ಬರೆಸಬೇಕೆಂದಿಲ್ಲ. ಹೆಸರಿಲ್ಲದೆಯೂ ನೋಂದಣಿಯಾಗುತ್ತದೆ. 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ ಶುಲ್ಕ ಕಟ್ಟಿ 15 ವರ್ಷಗಳವರೆಗೂ ಹೆಸರು ಸೇರಿಸಲು ಅವಕಾಶವಿದೆ. ಒಮ್ಮೆ ಬರೆಸಿದ ಹೆಸರನ್ನು ಬದಲಿಸುವುದು ಮಾತ್ರ ಸುಲಭವಲ್ಲ. ಆಸ್ಪತ್ರೆಯಲ್ಲಿ ಅವಸರದಿಂದ ಬರಿಯ ಅಜ್ಜನ ಹೆಸರನ್ನು ಬರೆಸಿ ಬರಬೇಡಿ. ತೊಟ್ಟಿಲ ಕಾರ್ಯ ಮುಗಿಯಲಿ, ಮನೆಯವರೆಲ್ಲ ಕೂತು ಎರಡೂ ಹೆಸರನ್ನು ಒಂದು ಕಾಗದದ ಮೇಲೆ ಬರೆದು ನೋಡಿ, ಕಾಗುಣಿತ ಸರಿಯಿದೆಯೇ ಎಂದು ಪರೀಕ್ಷಿಸಿ, ಆಮೇಲೆ ನೋಂದಣಿ ಕಚೇರಿಗೆ ಕೊಡಿ. ಆಧಾರ್‌ಗೂ ಶಾಲೆಗೂ ಅದೇ ಪ್ರಮಾಣಪತ್ರವನ್ನು ತೋರಿಸಿ ಅದೇ ಹೆಸರನ್ನು ಬರೆಸಿ.