ಒಕ್ಕಣೆ ಮಾಮೂಲಿ

ದೊಡ್ಡಪ್ಪ ಕಳಿಸಿದ ಚೀಟಿಯಲ್ಲಿ ಮೊಮ್ಮಗಳ ಹೆಸರು, ಹುಡುಗನ ಹೆಸರು, ಛತ್ರದ ವಿಳಾಸ, ‘ಭಾನುವಾರ ಬೆ. 4-50, ಮೇಷ ಲಗ್ನ’, ‘300 ಪ್ರತಿ’ ಎಲ್ಲ ಇತ್ತು. ಕೊನೆಗೆ ಎರಡು ಅಡಿಗೆರೆ ಎಳೆದು ಬರೆದಿದ್ದರು: ‘ಒಕ್ಕಣೆ ಮಾಮೂಲಿ.’

ಫೋನ್ ಮಾಡಿದೆ. “ಮಾಮೂಲಿ ಅಂದ್ರೆ ಮಾಮೂಲೀನೇ ಕಣೋ, ಅದರಲ್ಲಿ ಕೇಳೋದೇನಿದೆ?” ಅಂದು ಇಟ್ಟುಬಿಟ್ಟರು. ಗೊತ್ತಿರುವವರ ಈ ಗತ್ತು ನನಗೆ ಮೈ ಉರಿಸುತ್ತದೆ. ನಮ್ಮ ಮನೆಯಲ್ಲಿ ಲಗ್ನಪತ್ರಿಕೆ ಅಚ್ಚಾಗಿ ಕಾಲು ಶತಮಾನ ದಾಟಿದೆ. ಆಮೇಲಿನ ಮದುವೆಗಳಲ್ಲಿ ಒಂದು ರಿಜಿಸ್ಟರ್ ಕಚೇರಿಯಲ್ಲಿ ಮುಗಿಯಿತು, ಇನ್ನೊಂದು ಮೊಬೈಲಿನ ವಿಡಿಯೋದಲ್ಲೇ ಕರೆಯಿತು.

ಹಳೆಯದೊಂದು ಇದ್ದೇ ಇರುತ್ತದೆ ಎಂದು ಬೀರು ತಡಕಾಡಿದೆ. ಸಿಕ್ಕಿದ್ದು ಹದಿನಾಲ್ಕು ಗಣಪತಿಗಳು, ಮೂರು ವೆಂಕಟರಮಣರು. ದೇವರ ಪಟ ಕಸಕ್ಕೆ ಹಾಕಬಾರದೆಂದು ದೊಡ್ಡಮ್ಮ ಕತ್ತರಿಸಿ ಎತ್ತಿಟ್ಟಿದ್ದಾರೆ. ಒಕ್ಕಣೆಯಿದ್ದ ಮಿಕ್ಕ ಭಾಗ ಸಾಮಾನು ಚೀಟಿಯಾಗಿ ಅಂಗಡಿಗೆ ಹೋಗಿದೆ.

ಮನೆಯವರನ್ನು ವಿಚಾರಿಸಿದೆ. ಒಬ್ಬರಿಗೂ ಒಕ್ಕಣೆ ನೆನಪಿಲ್ಲ, ಜಗಳ ಮಾತ್ರ ಎಲ್ಲರಿಗೂ ನೆನಪಿದೆ. ಅತ್ತೆಯ ಮದುವೆಯ ಪತ್ರಿಕೆಯಲ್ಲಿ ಸೋದರಮಾವನ ಹೆಸರೇ ಬಿಟ್ಟುಹೋಗಿತ್ತಂತೆ. ಆ ಮಾವ ಬಂದರು, ಹುಡುಗಿಯನ್ನು ಎತ್ತಿಕೊಂಡು ಮಂಟಪಕ್ಕೂ ತಂದರು, ಆಮೇಲೆ ಎಲೆಯ ಮುಂದೆ ಕೂರದೆ ಬಸ್ಸು ಹತ್ತಿದರು. ಅವರನ್ನು ತಡೆಯಲು ಹೋದ ಚಿಕ್ಕಪ್ಪನಿಗೆ ಹೋಳಿಗೆ ತಪ್ಪಿತು, ಆ ಕೊರಗು ಅವರದ್ದು. ಬಸ್‌ಸ್ಟ್ಯಾಂಡಿನಲ್ಲಿ ಮಾವ ಆಡಿದರೆನ್ನುವ ಮಾತು ಮಾತ್ರ ಹೇಳುವವರ ಬಾಯಲ್ಲಿ ಒಂದೊಂದು ಥರ. ಇವತ್ತಿಗೂ ಆ ಮಾವ ಯಾರ ಮನೆಗೆ ಹೋದರೂ ಬಾಗಿಲಲ್ಲೇ “ನಾನು ಕಾರ್ಡಿನಲ್ಲಿ ಇಲ್ಲದವನು” ಅಂತ ನಗುತ್ತಾರೆ. ನಗು ಹೌದೋ ಅಲ್ಲವೋ, ಕಾಫಿ ಮಾತ್ರ ಬೇಗ ಬರುತ್ತದೆ. ಅಂತೂ ‘ಆಗಮನಾಭಿಲಾಷಿಗಳು’ ಎಂಬಲ್ಲಿ ಅಜ್ಜ ಅಜ್ಜಿಯ ಕೆಳಗೆ ಸೋದರಮಾವ ಬರಬೇಕು ಎಂಬುದು ಖಾತ್ರಿಯಾಯಿತು. ಸರಿಯಾಗಿದ್ದದ್ದನ್ನು ಯಾರೂ ನೆನಪಿಡುವುದಿಲ್ಲ ನೋಡಿ.

ಅಚ್ಚಿನ ಅಂಗಡಿಯವನು ಒಕ್ಕಣೆಗೆ ‘ಮ್ಯಾಟರ್’ ಅನ್ನುತ್ತಾನೆ. ಆರು ಮ್ಯಾಟರ್ ತೋರಿಸಿ, “ಮೂರನೇದು ಹಾಕಿ ಸಾರ್, ಎಲ್ಲರೂ ಅದನ್ನೇ ಹಾಕಿಸೋದು” ಅಂದ. ಅದರಲ್ಲಿ ‘ಅಕ್ಷತಾರೋಪಣ’ ಎಂದಿತ್ತು. ಹುಬ್ಬಳ್ಳಿ ಕಡೆಯವರಿಗೆ ಅದು ಮಾಮೂಲಿ. ನಮ್ಮ ಹಾಸನದ ಕಡೆ ನೆಂಟರು ಅದೇನೆಂದು ನನಗೇ ಫೋನ್ ಮಾಡುತ್ತಾರೆ.

ಕೊನೆಗೆ ಅಡುಗೆಮನೆಯ ಡಬ್ಬಿಯೊಂದರ ತಳದಲ್ಲಿ ಅರಿಸಿನ ಅಂಟಿದ ಅರ್ಧ ಕಾರ್ಡು ಸಿಕ್ಕಿತು. ಹಿಂದೆ ‘ಮೆಂತ್ಯ, ಇಂಗು’ ಎಂದಿದೆ, ಮುಂದೆ ‘...ಇವರು ಮಾಡುವ ವಿಜ್ಞಾಪನೆಗಳು. ಅದಾಗಿ, ಸ್ವಸ್ತಿಶ್ರೀ... ಬಹುಧಾನ್ಯ ನಾಮ ಸಂವತ್ಸರದ...’ ಎಂದು. ತಾರೀಖು ಹರಿದುಹೋಗಿದೆ. ಆದರೆ ಬಹುಧಾನ್ಯ ಬರುವುದು ಅರವತ್ತು ವರ್ಷಕ್ಕೊಮ್ಮೆ, 1998ರ ಯುಗಾದಿಯಿಂದ 1999ರ ಯುಗಾದಿವರೆಗೆ. ಅದರ ಹಿಂದಿನದು 1938. ಹಾಗಾಗಿ ಇದು ಅತ್ತೆಯ ಮದುವೆಯದೇ.

ಅದರ ಕೆಳಗಿನ ಸಾಲು ನೋಡಿ ನನ್ನ ಕೈ ನಡುಗಿತು: ‘ಭಾನುವಾರ ರಾತ್ರಿ, ಬೆಳಗಾದರೆ ಸೋಮವಾರ’. ಅತ್ತೆಯದೂ ಬೆಳಗಿನ ಜಾವದ ಮುಹೂರ್ತ. ಪಂಚಾಂಗದಲ್ಲಿ ವಾರ ಬದಲಾಗುವುದು ಸೂರ್ಯ ಹುಟ್ಟಿದ ಮೇಲೆ, ಗೋಡೆಯ ಕ್ಯಾಲೆಂಡರಿನಲ್ಲಿ ನಡುರಾತ್ರಿಗೆ. ದೊಡ್ಡಪ್ಪನ 4-50 ಪಂಚಾಂಗಕ್ಕೆ ಇನ್ನೂ ಭಾನುವಾರ, ಮಿಕ್ಕವರಿಗೆಲ್ಲ ಆಗಲೇ ಸೋಮವಾರ. ಚೀಟಿಯಲ್ಲಿದ್ದಂತೆ ‘ಭಾನುವಾರ ಬೆಳಗ್ಗೆ’ ಎಂದು ಅಚ್ಚು ಹಾಕಿಸಿದ್ದರೆ ಮುನ್ನೂರು ಮನೆಯವರು ಒಂದು ದಿನ ಮುಂಚೆ ಬಂದು ಬೀಗ ಹಾಕಿದ ಛತ್ರದ ಮುಂದೆ ಆಕಳಿಸುತ್ತ ನಿಲ್ಲುತ್ತಿದ್ದರು. ಹುಡುಗಿಯ ಅಪ್ಪನಿಗೆ ಫೋನ್ ಮಾಡಿ ಛತ್ರ ಯಾವತ್ತಿಗೆ ಹಿಡಿದಿದ್ದೀರಿ ಎಂದು ಕೇಳಿ ಖಾತ್ರಿ ಮಾಡಿಕೊಂಡೆ: ಭಾನುವಾರ ಸಂಜೆಯಿಂದ.

ಕರಡು ಅಚ್ಚು ತೆಗೆದುಕೊಂಡು ಹೋದೆ. ದೊಡ್ಡಪ್ಪ ಕನ್ನಡಕ ಏರಿಸಿ ಓದಿದರು. ‘ಬೆಳಗಾದರೆ ಸೋಮವಾರ’ದ ಮೇಲೆ ಬೆರಳಿಟ್ಟು, “ಇದನ್ನೇನು ಹೊಸದಾಗಿ ಕಂಡುಹಿಡಿದೆಯಾ? ಯಾವಾಗಲೂ ಹೀಗೇ ಹಾಕಿಸೋದು” ಅಂದರು. ನಾನು ಏನೂ ಮಾತಾಡಲಿಲ್ಲ. ‘ಆಶೀರ್ವಾದವೇ ಉಡುಗೊರೆ’ ಎಂದು ಅಂಗಡಿಯವನು ತಾನಾಗಿಯೇ ಸೇರಿಸಿದ್ದ ಸಾಲನ್ನು ಮಾತ್ರ ಸದ್ದಿಲ್ಲದೆ ಹೊಡೆದುಹಾಕಿದರು.

ಕಾರ್ಡು ಬಂದ ದಿನವೇ ಮುಂದಿನವರಿಗೆ ಇರಲಿ ಎಂದು ಒಂದನ್ನು ಬೀರುವಿನಲ್ಲಿಟ್ಟೆ. ಮೊನ್ನೆ ನೋಡಿದರೆ ಅಲ್ಲಿ ಗಣಪತಿಗಳು ಹದಿನೈದಾಗಿದ್ದವು. ಅಡುಗೆಮನೆಯಲ್ಲಿ ದೊಡ್ಡಮ್ಮ ಮಿಕ್ಕ ಭಾಗದ ಹಿಂದೆ ಬರೆಯುತ್ತ ಕೂತಿದ್ದರು: ಹೆಸರುಬೇಳೆ 2 ಕೆಜಿ, ಬೆಲ್ಲ...