ಅಕ್ಕನ ಮಗಳ ಇಂಜೆಕ್ಷನ್ನು, ಬ್ರಿಟನ್ನಿನ ನಿಷೇಧ

ಕಳೆದ ವಾರ ಅಕ್ಕ ಗಾಬರಿಯಲ್ಲಿ ಫೋನ್ ಮಾಡಿದಳು. ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದ ಸುದ್ದಿ: "ಪ್ಯೂಬರ್ಟಿ ಬ್ಲಾಕರ್‌ಗಳಿಗೆ ಬ್ರಿಟನ್ನಿನಲ್ಲಿ ನಿಷೇಧ." ಮಕ್ಕಳು ಪ್ರಾಯಕ್ಕೆ ಬರುವುದನ್ನು ತಡೆಹಿಡಿಯುವ ಔಷಧಿಗಳು ಅವು. ಅವಳ ಮಗಳಿಗೆ ಮೂರು ತಿಂಗಳಿಗೊಮ್ಮೆ ಹಾಕಿಸುವ ಲ್ಯುಪ್ರೊಲೈಡ್ ಇಂಜೆಕ್ಷನ್ ಕೂಡ ಅದೇ ಜಾತಿಯದು. "ಮಗುವಿಗೆ ಏನು ಕೊಡಿಸ್ತಾ ಇದ್ದೀನಿ ಹೇಳೇ" ಅಂದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಹುಡುಗಿಗೆ ಏಳು ವರ್ಷ ನಾಲ್ಕು ತಿಂಗಳಿದ್ದಾಗ, ಸ್ನಾನ ಮಾಡಿಸುವಾಗ ಎದೆಯಲ್ಲಿ ಸಣ್ಣ ಗಂಟು ಕೈಗೆ ಸಿಕ್ಕಿತು. ಡಾಕ್ಟರು ಎಡಗೈಯ ಎಕ್ಸ್‌ರೇ ತೆಗೆಸಿದರು. ಮಗುವಿನ ವಯಸ್ಸು ಏಳು, ಮೂಳೆಯ ವಯಸ್ಸು ಹತ್ತು. ಹೀಗೇ ಬಿಟ್ಟರೆ ಮೂಳೆಯ ತುದಿಗಳು ಬೇಗ ಮುಚ್ಚಿಕೊಂಡು, ಈಗ ಎತ್ತರ ಕಾಣುವ ಮಗು ಮುಂದೆ ಗಿಡ್ಡವಾಗಿಯೇ ಉಳಿದುಬಿಡಬಹುದು. ಹುಡುಗಿಯರಲ್ಲಿ ಎಂಟಕ್ಕಿಂತ ಮೊದಲು, ಹುಡುಗರಲ್ಲಿ ಒಂಬತ್ತಕ್ಕಿಂತ ಮೊದಲು ಪ್ರಾಯಕ್ಕೆ ಬರುವ ಈ ಬದಲಾವಣೆ ಶುರುವಾದರೆ ಡಾಕ್ಟರುಗಳು ಎಚ್ಚರವಾಗುತ್ತಾರೆ. 1980ರ ದಶಕದಿಂದ ಇಂಥ ಮಕ್ಕಳಿಗೆ ಈ ಔಷಧಿ ಕೊಡುತ್ತಿದ್ದಾರೆ.

ಔಷಧಿ ಕೆಲಸ ಮಾಡುವ ರೀತಿ ನನಗೆ ತುಂಬಾ ಇಷ್ಟ. ಮೆದುಳಿನ ಒಂದು ಭಾಗ ಗಂಟೆ, ಒಂದೂವರೆ ಗಂಟೆಗೊಮ್ಮೆ ಬಾಗಿಲು ತಟ್ಟಿದ ಹಾಗೆ ಪಿಟ್ಯೂಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಪಿಟ್ಯೂಟರಿ ಎದ್ದು ಅಂಡಾಶಯಕ್ಕೋ ವೃಷಣಕ್ಕೋ ಹೇಳುತ್ತದೆ, ಅವು ಹಾರ್ಮೋನು ಮಾಡುತ್ತವೆ. ಈ ಇಂಜೆಕ್ಷನ್ನು ಅದೇ ಸಂದೇಶದ ನಕಲು. ಆದರೆ ಬಿಟ್ಟು ಬಿಟ್ಟು ತಟ್ಟುವುದಿಲ್ಲ, ಒಂದೇ ಸಮನೆ ತಟ್ಟುತ್ತದೆ. ಕೆಲವು ವಾರದಲ್ಲಿ ಪಿಟ್ಯೂಟರಿ ಕಿವಿಗೊಡುವುದನ್ನೇ ನಿಲ್ಲಿಸುತ್ತದೆ. ಅದಕ್ಕೂ ಮೊದಲು ಹಾರ್ಮೋನು ಸ್ವಲ್ಪ ಏರಿ ಇಳಿಯುವುದರಿಂದ, ನಮ್ಮ ಹುಡುಗಿಗೆ ಮೊದಲ ಇಂಜೆಕ್ಷನ್ ಆದ ಮೇಲೆ ಎರಡು ದಿನ ಸ್ವಲ್ಪ ರಕ್ತ ಕಾಣಿಸಿಕೊಂಡಿತ್ತು. ಮೊದಲೇ ಯಾರಾದರೂ ಹೇಳಿದ್ದರೆ ಅಕ್ಕ ಆ ರಾತ್ರಿ ಅಳುತ್ತಾ ಕೂರುತ್ತಿರಲಿಲ್ಲ.

ಇದು ತಡೆಯುವುದು ಮುಂದಾಗಬೇಕಾದದ್ದನ್ನು. ಆಗಿಹೋದದ್ದನ್ನು ಅಳಿಸುವುದಿಲ್ಲ. ಹುಡುಗನ ದನಿ ಒಮ್ಮೆ ಒಡೆದರೆ ಒಡೆಯಿತು. ಗಂಡನ್ನು ಹೆಣ್ಣು ಮಾಡುವುದಿಲ್ಲ, ಹೆಣ್ಣನ್ನು ಗಂಡೂ ಮಾಡುವುದಿಲ್ಲ. ಮಗು ಮುಂದೆ ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಎನ್ನುವುದನ್ನು ಯಾವ ಇಂಜೆಕ್ಷನ್ನೂ ತೀರ್ಮಾನಿಸುವುದಿಲ್ಲ. ನಮ್ಮ ಹುಡುಗಿಗೆ ಹನ್ನೊಂದರ ಸುಮಾರಿಗೆ ನಿಲ್ಲಿಸುತ್ತಾರೆ. ಆಮೇಲೆ ವರ್ಷ, ಒಂದೂವರೆ ವರ್ಷದೊಳಗೆ ಅವಳೂ ಗೆಳತಿಯರ ಹಾಗೇ ಮೈನೆರೆಯಬೇಕು.

ಬ್ರಿಟನ್ನಿನ ಜಗಳ ಬೇರೆ ಮಕ್ಕಳ ಬಗ್ಗೆ. ಹುಟ್ಟಿದ ದೇಹಕ್ಕೂ ಒಳಗಿನ ಅನಿಸಿಕೆಗೂ ಹೊಂದದೆ ಒದ್ದಾಡುವ ಮಕ್ಕಳು ಅವರು. ದನಿ ಒಡೆಯುವುದು, ಎದೆ ಬೆಳೆಯುವುದು ಅವರಿಗೆ ನಿಜವಾದ ಸಂಕಟ. 1990ರ ದಶಕದಲ್ಲಿ ನೆದರ್‌ಲ್ಯಾಂಡ್ಸಿನ ವೈದ್ಯರು ಯೋಚಿಸಿದ್ದು ಹೀಗೆ: ಯೋಚಿಸಲು ಸಮಯ ಕೊಡೋಣ, ಅಲ್ಲಿಯವರೆಗೆ ದೇಹ ಕಾಯಲಿ. ಅವರ 70 ಮಕ್ಕಳ ಅಧ್ಯಯನದಲ್ಲಿ ಖಿನ್ನತೆ ಕಡಿಮೆಯಾಗಿತ್ತು. ಬ್ರಿಟನ್ನಿನಲ್ಲಿ 12ರಿಂದ 15 ವರ್ಷದ 44 ಮಕ್ಕಳ ಮೇಲೆ ನೋಡಿದಾಗ (2021ರಲ್ಲಿ ಪ್ರಕಟವಾಯಿತು) ಮನಸ್ಸಿನ ಸ್ಥಿತಿಯಲ್ಲಿ ಹೇಳುವಂಥ ಬದಲಾವಣೆ ಕಾಣಲಿಲ್ಲ. ಮೂಳೆ ಗಟ್ಟಿಯಾಗುವುದು ಓರಗೆಯವರಿಗಿಂತ ಹಿಂದೆ ಬಿತ್ತು.

ಇನ್ನೊಂದು ಸಂಖ್ಯೆ ನನ್ನನ್ನು ಕಾಡುತ್ತದೆ. ಆ 44ರಲ್ಲಿ 43 ಮಕ್ಕಳು ಮುಂದೆ ತಮ್ಮ ಅನಿಸಿಕೆಗೆ ಹೊಂದುವ ಹಾರ್ಮೋನಿಗೆ, ಅಂದರೆ ಟೆಸ್ಟೋಸ್ಟೆರೋನ್ ಅಥವಾ ಈಸ್ಟ್ರೋಜನ್‌ಗೆ ಹೋದರು. ಇದನ್ನು ಎರಡು ರೀತಿ ಓದಬಹುದು. ನಿಜವಾಗಿ ಬೇಕಿದ್ದ ಮಕ್ಕಳನ್ನೇ ಆರಿಸಿದ್ದರು ಎನ್ನಬಹುದು. ಇಲ್ಲವೇ, ಓರಗೆಯವರೆಲ್ಲ ಬೆಳೆಯುವಾಗ ತಾನೊಬ್ಬನೇ ನಿಂತದ್ದೇ ಮಗುವನ್ನು ಒಂದೇ ದಾರಿಗೆ ಹಚ್ಚಿತು ಎನ್ನಬಹುದು. ಔಷಧಿ ತೆಗೆದುಕೊಳ್ಳದ ಅಂಥದೇ ಮಕ್ಕಳ ಗುಂಪು ಪಕ್ಕದಲ್ಲಿ ಇರಲಿಲ್ಲ. ಹಾಗಾಗಿ ಯಾವುದು ಸರಿ ಎಂದು ಆ ಅಧ್ಯಯನದಿಂದ ಹೇಳಲಾಗದು. "ಸುಮ್ನೆ ಪಾಜ್ ಬಟನ್ ಅಷ್ಟೇ" ಅನ್ನುವ ಮಾತು ನಮ್ಮ ಹುಡುಗಿಗೆ ಹೊಂದುತ್ತದೆ, ಆ ಮಕ್ಕಳಿಗೆ ಪೂರ್ತಿ ಹೊಂದುವುದಿಲ್ಲ. ಶುರುವಿನಲ್ಲೇ ತಡೆದು ನೇರ ಮುಂದಿನ ಹಾರ್ಮೋನಿಗೆ ಹೋದರೆ ವೀರ್ಯವೋ ಅಂಡವೋ ಬಲಿಯಲು ಅವಕಾಶವೇ ಸಿಗುವುದಿಲ್ಲ. ಹನ್ನೆರಡರ ಮಗುವಿಗೆ ಇದನ್ನು ಅರ್ಥ ಮಾಡಿಸುವುದು ಹೇಗೆ?

2024ರ ಏಪ್ರಿಲ್‌ನಲ್ಲಿ ಬಂದ, ಬ್ರಿಟನ್ನಿನ ಆರೋಗ್ಯ ಸೇವೆ ಮಕ್ಕಳ ವೈದ್ಯೆ ಹಿಲರಿ ಕ್ಯಾಸ್ ಅವರಿಂದ ಬರೆಸಿದ ವರದಿಗಾಗಿ 50 ಅಧ್ಯಯನಗಳನ್ನು ತೂಗಿ ನೋಡಿದಾಗ ಉತ್ತಮ ಗುಣಮಟ್ಟದ್ದು ಅನ್ನಿಸಿದ್ದು ಒಂದೇ. ಹೊಸದಾಗಿ ಈ ಕಾರಣಕ್ಕೆ ಬ್ಲಾಕರ್ ಕೊಡುವುದನ್ನು ಬ್ರಿಟನ್ ನಿಲ್ಲಿಸಿತು. ಅಮೆರಿಕದ ಮಕ್ಕಳ ವೈದ್ಯರ ದೊಡ್ಡ ಸಂಘ ಮಾತ್ರ, ಸಂಕಟದಲ್ಲಿರುವ ಮಗುವಿಗೆ ಈ ಚಿಕಿತ್ಸೆಯ ಬಾಗಿಲು ಮುಚ್ಚಬಾರದು ಎಂದಿತು. ನನಗೆ ಎರಡೂ ಕಡೆಯ ಕಳಕಳಿ ಅರ್ಥವಾಗುತ್ತದೆ. ಆದರೆ ಆ ಮಕ್ಕಳೇ ಸುಳ್ಳು, ಫ್ಯಾಷನ್ನು ಅನ್ನುವವರನ್ನು ಕಂಡರೆ ಕೋಪ ಬರುತ್ತದೆ. ಸಾಕ್ಷಿ ಸಾಲದು ಅಂದಿದ್ದು ಔಷಧಿಯ ಬಗ್ಗೆ, ಮಕ್ಕಳ ನೋವಿನ ಬಗ್ಗೆ ಅಲ್ಲ.

"ನಿನ್ನ ಮಗಳಿಗೆ ಆ ನಿಷೇಧ ತಾಗಲ್ಲ ಕಣೇ, ಅಲ್ಲೂ ಬೇಗ ಮೈನೆರೆಯೋ ಮಕ್ಕಳಿಗೆ ಕೊಡ್ತಾನೇ ಇದ್ದಾರೆ" ಅಂದೆ. ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಮತ್ತೆ ಆ ಮಕ್ಕಳು?" ಅಂದಳು. ಆಗಲೇ ತೆಗೆದುಕೊಳ್ಳುತ್ತಿದ್ದವರಿಗೆ ಮುಂದುವರಿಸಲು ಬಿಟ್ಟಿದ್ದಾರೆ. ಉಳಿದವರಿಗೆ ಆಪ್ತಸಮಾಲೋಚನೆ, ಅದಕ್ಕೂ ವರ್ಷಗಟ್ಟಲೆ ಸರದಿ. ಆ ಸರದಿಯಲ್ಲಿ ಕಾಯುವಾಗ ದೇಹ ಕಾಯುವುದಿಲ್ಲ ಅಲ್ವಾ ಅಕ್ಕ, ಅಂದೆ.