ಚಾಲಿ ರೇಟು ಎಲ್ಲಿ ಹೋತು?

ಶಿರಸಿ ಸುತ್ತಿನ ಅಡಿಕೆ ಮನೆಗಳಲ್ಲಿ ಸಂಜೆಯ ಚಹಾಕ್ಕಿಂತ ಮೊದಲು ಬರಬೇಕಾದದ್ದು ಅವತ್ತಿನ ರೇಟು. ಈಗ ಹೆಚ್ಚಿನವರಿಗೆ ಅದು ವಾಟ್ಸಾಪಿನಲ್ಲಿ ಬರುತ್ತದೆ. ನಮ್ಮ ಮಾವನಿಗೆ ಮಾತ್ರ ಇಮೇಲೇ ಆಗಬೇಕು. ವಾಟ್ಸಾಪಿನಲ್ಲಿ ಗುಡ್ ಮಾರ್ನಿಂಗ್ ಹೂಗಳ ನಡುವೆ ಹೋದ ತಿಂಗಳ ರೇಟು ಹುಡುಕುವುದು ಯಾರಿಂದ ಸಾಧ್ಯ ಅನ್ನುವುದು ಅವರ ವಾದ. ವಾದದಲ್ಲಿ ತಪ್ಪೇನೂ ಇಲ್ಲ ಬಿಡಿ.

ವಖಾರಿಯ ಗುಮಾಸ್ತರು ರೇಟನ್ನು ಶ್ರದ್ಧೆಯಿಂದಲೇ ಕಳಿಸುತ್ತಾರೆ. ಸ್ಪೇಸ್ ಬಾರ್ ಒತ್ತಿ ಒತ್ತಿ, ಅವರ ಪರದೆಯ ಮೇಲೆ ಕಾಲಂ ಸರಿಯಾಗಿ ಕೂರುವ ತನಕ ಬಿಡುವುದಿಲ್ಲ. ಅದು ಹೀಗಿರುತ್ತದೆ (ಅಂಕಿ ಸುಮ್ನೆ ಉದಾಹರಣೆಗೆ):

```
ಬಗೆ          ಕನಿಷ್ಠ     ಗರಿಷ್ಠ     ಸರಾಸರಿ
ರಾಶಿ         46,000    49,000    47,500
ಚಾಲಿ         36,000    39,500    38,000
ಕೆಂಪುಗೋಟು    28,000    33,000    31,000
```

ಮಾವನ ಫೋನಿಗೆ ಬರುವಷ್ಟರಲ್ಲಿ ಇದರ ಅವತಾರವೇ ಬೇರೆ. ಪರದೆ ಚಿಕ್ಕದು, ಅಕ್ಷರ ದೊಡ್ಡದು. ರಾಶಿಯ 47,500 ಸಾಲಿನಲ್ಲಿ ಹಿಡಿಸದೆ ಕೆಳಗೆ ಬೀಳುತ್ತದೆ. ಬಿದ್ದದ್ದು ನೇರ ಚಾಲಿಯ ನೆತ್ತಿಯ ಮೇಲೆ. ಚಾಲಿಯ 38,000 ಕೆಂಪುಗೋಟಿನ ನೆತ್ತಿಯ ಮೇಲೆ. ಕನ್ನಡಕ ಹಣೆಗೇರಿಸಿ ಮಾವ ಕೇಳುತ್ತಾರೆ: "ತಮಾ, ಚಾಲಿ ರೇಟು ಎಲ್ಲಿ ಹೋತು?"

ರೇಟು ಎಲ್ಲೂ ಹೋಗಿಲ್ಲ. ಹೋದದ್ದು ಕಾಲಂ. ನಿಜ ಹೇಳಬೇಕೆಂದರೆ ಅದು ಮೊದಲೂ ಇರಲಿಲ್ಲ. ಪ್ಲೇನ್ ಟೆಕ್ಸ್ಟ್ ಮೇಲ್‌ನಲ್ಲಿ ಇರುವುದು ಅಕ್ಷರ, ಅಂಕಿ, ಸ್ಪೇಸ್ ಮತ್ತು ಸಾಲು ಮುರಿಯುವ ಗುರುತು, ಅಷ್ಟೇ. ಯಾವ ಫಾಂಟ್, ಎಷ್ಟು ಅಗಲ ಅನ್ನುವುದನ್ನು ಓದುವವರ ಯಂತ್ರ ತೀರ್ಮಾನಿಸುತ್ತದೆ. ಎಲ್ಲ ಅಕ್ಷರಕ್ಕೂ ಒಂದೇ ಅಗಲ ಕೊಡುವ ಟೈಪ್‌ರೈಟರ್ ತರಹದ ಫಾಂಟ್ ಇದ್ದರೆ ಸ್ಪೇಸ್ ಎಣಿಸಿ ಕಾಲಂ ಮಾಡಬಹುದು. ಫೋನಿನ ಮಾಮೂಲಿ ಫಾಂಟಿನಲ್ಲಿ ಸ್ಪೇಸ್ ಸಣಕಲು, ಅಂಕಿ ಅದಕ್ಕಿಂತ ದಪ್ಪ. ಎಣಿಕೆ ಅಲ್ಲೇ ತಪ್ಪುತ್ತದೆ.

ಕನ್ನಡಕ್ಕೆ ಇನ್ನೊಂದು ತಾಪತ್ರಯ ಇದೆ. ಇಂಗ್ಲಿಷಿನವರು ಆ ಟೈಪ್‌ರೈಟರ್ ಫಾಂಟ್ ಹಾಕಿ ಪಾರಾಗುತ್ತಾರೆ, ನಮಗೆ ಅದೂ ಇಲ್ಲ. 'ರಾಶಿ' ಅನ್ನುವುದು ನಮ್ಮ ಕಣ್ಣಿಗೆ ಎರಡು ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ನಾಲ್ಕು: ರ, ಇಳಿ, ಶ, ಗುಡಿಸು. ಪರದೆಯ ಮೇಲೆ ಅದು ಹಿಡಿಯುವ ಜಾಗ ಎರಡೂ ಅಲ್ಲ, ನಾಲ್ಕೂ ಅಲ್ಲ. 'ಕೆಂಪುಗೋಟು' ಪಕ್ಕದಲ್ಲಿ ಎಷ್ಟು ಸ್ಪೇಸ್ ಕೊಟ್ಟರೂ ಇನ್ನೊಂದು ಯಂತ್ರದಲ್ಲಿ ಅದು ಸರಿಯಾಗಿ ಕೂರುವ ಖಾತ್ರಿ ಇಲ್ಲ. ಮೇಲಿನ ಪಟ್ಟಿಯೇ ನಿಮ್ಮ ಪರದೆಯಲ್ಲಿ ಅಷ್ಟಿಷ್ಟು ಸೊಟ್ಟ ಕಂಡಿದ್ದರೆ ಕಾರಣ ಇದೇ.

ಹಾಗಾದರೆ ವೆಬ್ ಪುಟದಂತೆ ಟೇಬಲ್, ಬಣ್ಣ ಎಲ್ಲ ಹೊತ್ತು ಹೋಗುವ ಎಚ್‌ಟಿಎಂಎಲ್ ಮೇಲ್ ಕಳಿಸಿದರಾಯ್ತು, ಅಲ್ವಾ? ಪಟ್ಟಿಯ ಮಟ್ಟಿಗೆ ಹೌದು. ಎಕ್ಸೆಲ್‌ನಿಂದ ಕಾಪಿ ಮಾಡಿ ಕಂಪ್ಯೂಟರಿನಲ್ಲಿ ತೆರೆದ ಜಿಮೇಲ್‌ಗೆ ಅಂಟಿಸಿದರೆ ಅದು ನಿಜವಾದ ಟೇಬಲ್ ಆಗಿಯೇ ಹೋಗುತ್ತದೆ. 'ಈ ಅಂಕಿ ಈ ಮನೆಯದು' ಅನ್ನುವ ಮಾಹಿತಿ ಒಳಗೇ ಇರುವುದರಿಂದ ಫಾಂಟ್ ಬದಲಾದರೂ ಚಾಲಿಯ ರೇಟು ಚಾಲಿಯ ಸಾಲಿನಲ್ಲೇ ಉಳಿಯುತ್ತದೆ.

ತೊಂದರೆ ಶುರುವಾಗುವುದು ಆಸೆ ಹೆಚ್ಚಾದಾಗ. ಮೇಲೊಂದು ಅಡಿಕೆ ಗೊನೆಯ ಚಿತ್ರ, ಪಟ್ಟಿಯ ಹಿಂದೆ ತಿಳಿಹಸಿರು ಬಣ್ಣ, ಗುಂಡು ಮೂಲೆಯ ಡಬ್ಬಿ. ವೆಬ್ ಪುಟದಲ್ಲಿ ಇದೆಲ್ಲ ಚೆನ್ನಾಗಿ ಬರುತ್ತದೆ. ಮೇಲ್ ತೋರಿಸುವ ತಂತ್ರಾಂಶಗಳು ಮಾತ್ರ ಒಂದೇ ಶಾಲೆಯಲ್ಲಿ ಓದಿದವಲ್ಲ. ವಿಂಡೋಸ್‌ನ ಹಳೆಯ ಬಗೆಯ ಔಟ್‌ಲುಕ್ 2007ರಿಂದ ಎಚ್‌ಟಿಎಂಎಲ್ ಮೇಲ್ ತೋರಿಸಲು ಬ್ರೌಸರಿನ ಬದಲು ವರ್ಡ್‌ನ ಎಂಜಿನ್ ಬಳಸುತ್ತ ಬಂದಿದೆ. ಅದಕ್ಕೆ ಗುಂಡು ಮೂಲೆ ಗೊತ್ತಿಲ್ಲ, ಹಿನ್ನೆಲೆ ಚಿತ್ರವನ್ನು ಅದು ಸಾಮಾನ್ಯವಾಗಿ ಬಿಟ್ಟೇಬಿಡುತ್ತದೆ. ವೆಬ್ಬಿನವರು ಎಂದೋ ಕೈಬಿಟ್ಟ ಟೇಬಲ್ ಮೇಲೆ ಟೇಬಲ್ ಕಟ್ಟುವ ಪದ್ಧತಿ ಇಮೇಲ್ ಮಾಡುವವರಲ್ಲಿ ಇನ್ನೂ ಉಳಿದಿರುವುದು ಇದೇ ಕಾರಣಕ್ಕೆ. ಇನ್ನು ಚಿತ್ರ. ಎಷ್ಟೋ ಕಡೆ ಅನುಮತಿ ಕೊಡುವ ತನಕ ಚಿತ್ರ ಇಳಿಯುವುದೇ ಇಲ್ಲ. ಘಟ್ಟದ ತಿರುವಿನಲ್ಲಿ ಒಂದು ಕಡ್ಡಿ ಸಿಗ್ನಲ್ ಇರುವಾಗ ಅನುಮತಿ ಕೊಟ್ಟರೂ ಅಷ್ಟೇ. ರೇಟನ್ನೇ ಚಿತ್ರ ಮಾಡಿ ಕಳಿಸುವವರಿಗಂತೂ ಕೈಮುಗಿಯಬೇಕು. ಬರದಿದ್ದರೆ ಖಾಲಿ ಚೌಕ, ಬಂದರೂ ಮಾವ ಆಮೇಲೆ ಹುಡುಕಲು ಅದರಲ್ಲಿ ಅಕ್ಷರವೇ ಇಲ್ಲ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಎಂದರೆ, ಪ್ಲೇನ್ ಟೆಕ್ಸ್ಟ್, ಎಚ್‌ಟಿಎಂಎಲ್ ಎರಡರಲ್ಲಿ ಒಂದನ್ನೇ ಆರಿಸಬೇಕು ಎಂದೇನಿಲ್ಲ. ಒಂದೇ ಮೇಲ್‌ನಲ್ಲಿ ಎರಡೂ ಪ್ರತಿ ಹೋಗಬಹುದು. ಜಿಮೇಲ್ ಕಂಪ್ಯೂಟರಿನಲ್ಲಿ ತೆರೆದು, ಮೇಲ್ ಪಕ್ಕದ ಮೂರು ಚುಕ್ಕಿ ಒತ್ತಿ, `Show original` ನೋಡಿದರೆ ಒಳಗಿನ ಸಂಸಾರ ಕಾಣುತ್ತದೆ. ಮುಖ್ಯ ಸಾಲುಗಳು ಇಷ್ಟು:

```
Content-Type: multipart/alternative; boundary="adike"

--adike
Content-Type: text/plain; charset="UTF-8"
...
--adike
Content-Type: text/html; charset="UTF-8"
...
--adike--
```

ಚುಕ್ಕಿ ಇಟ್ಟಲ್ಲಿ ನಿಮ್ಮ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಗಾಬರಿ ಬೇಡ. ಅದು ದಾರಿಯಲ್ಲಿ ಕೆಡದಿರಲಿ ಎಂದು ಹಾಕಿದ ಕಟ್ಟು. ಸಾದಾ ಪ್ರತಿ ಮೊದಲು, ಎಚ್‌ಟಿಎಂಎಲ್ ಕೊನೆಗೆ, ಇದು ನಿಯಮ. ಓದುವ ತಂತ್ರಾಂಶ ತನಗೆ ಅರ್ಥವಾಗುವ ಪ್ರತಿಗಳಲ್ಲಿ ಕೊನೆಯದನ್ನು ತೋರಿಸುತ್ತದೆ. ಸಾದಾ ಮಾತ್ರ ಸಾಕು ಎಂದು ಹೊಂದಿಸಿಕೊಂಡವರಿಗೆ ಮೊದಲಿನದು ಕಾಣುತ್ತದೆ.

ಆ ಸಾದಾ ಪ್ರತಿಯನ್ನು ಹೆಚ್ಚಿನ ಸಲ ತಂತ್ರಾಂಶ ತಾನೇ ತಯಾರಿಸುತ್ತದೆ. ಟೇಬಲ್ ಸಿಕ್ಕಿದರೆ ಮನೆ ಮನೆಯನ್ನೂ ಕಿತ್ತು ಸಾಲಾಗಿ ಸುರಿದುಬಿಡುವುದುಂಟು: ಬಗೆ, ಕನಿಷ್ಠ, ಗರಿಷ್ಠ, ಸರಾಸರಿ, ರಾಶಿ, 46,000... ಆಗ ಮಾವನ ಪ್ರಶ್ನೆ ಮತ್ತೆ ಹುಟ್ಟುತ್ತದೆ. ನನ್ನ ಅಭಿಪ್ರಾಯದಲ್ಲಿ ಮೂರು ನಾಲ್ಕು ಬಗೆಯ ರೇಟಿಗೆ ಕಾಲಂ ಗೊಡವೆಯೇ ಬೇಡ. ಹೀಗೆ ಬರೆದರೆ ಮುಗಿಯಿತು:

```
ರಾಶಿ: 46,000 – 49,000
ಸರಾಸರಿ 47,500

ಚಾಲಿ: 36,000 – 39,500
ಸರಾಸರಿ 38,000
```

ಸಾಲು ಚಿಕ್ಕದು, ಎಲ್ಲಿ ಮುರಿದರೂ ಹೆಸರು ತನ್ನ ಅಂಕಿಯ ಪಕ್ಕದಲ್ಲೇ ಇರುತ್ತದೆ. ಹಳೇ ಫೋನ್, ಹೊಸ ಫೋನ್, ಕಾರವಾರದ ಕಚೇರಿಯ ಕಂಪ್ಯೂಟರ್, ಎಲ್ಲ ಕಡೆ ಒಂದೇ ಅರ್ಥ. ಮಾವ ಆರು ತಿಂಗಳು ಬಿಟ್ಟು 'ಚಾಲಿ' ಎಂದು ಹುಡುಕಿದರೂ ಸಿಗುತ್ತದೆ.

ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಅಂಟಿಸುವವರಿಗೆ ಮಾತ್ರ ಈ ಉಪಾಯವೂ ನಡೆಯದು. ಅಲ್ಲಿ ಕನ್ನಡ ಇರುವುದು ಫಾಂಟಿನ ವೇಷದಲ್ಲಿ. ಪ್ಲೇನ್ ಟೆಕ್ಸ್ಟ್ ಆ ವೇಷ ಕಳಚುತ್ತದೆ, ಆಗ 'ಕನ್ನಡ' ಹೋಗಿ `PÀ£ÀßqÀ` ಆಗುತ್ತದೆ. ಎಚ್‌ಟಿಎಂಎಲ್ ಫಾಂಟಿನ ಹೆಸರನ್ನು ಹೊತ್ತು ಹೋದರೂ ಎದುರಿನ ಫೋನಿನಲ್ಲಿ ಆ ಫಾಂಟ್ ಇರುವುದಿಲ್ಲ. ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ವಖಾರಿಯ ವರ್ಷದ ಲೆಕ್ಕವಾದರೆ ಮಾತು ಬೇರೆ. ತಾರೀಖು, ಬಗೆ, ತೂಕ, ದರ, ಕಮಿಷನ್, ಉಳಿದ ಮೊತ್ತ: ಇಷ್ಟೂ ಅಡ್ಡಕ್ಕೆ ಬೇಕು. ಅದನ್ನು ಸಾಲು ಮಾಡಿ ಬರೆದರೆ ಯಾರೂ ಕೂಡಿಸಿ ನೋಡಲಾರರು. ಟೇಬಲ್ ಇರಲಿ, ಕಪ್ಪು ಗೆರೆ ಸಾಕು, ಬಣ್ಣ ಬೇಡ. ಆರು ಕಾಲಂ ಫೋನಿನಲ್ಲಿ ಹೇಗೂ ಹಿಡಿಸದ ಕಾರಣ ಜೊತೆಗೊಂದು ಪಿಡಿಎಫ್ ಲಗತ್ತಿಸುವುದು ಒಳ್ಳೆಯದು, ಮಾವ ಅದನ್ನು ಪ್ರಿಂಟ್ ಹಾಕಿಸಿಕೊಂಡೇ ಜಗಳಕ್ಕೆ ಹೋಗುತ್ತಾರೆ.